ಅಣ್ಣ ಹೇಳುವ ಮಾತನ್ನು ಓದುಗರು ಯಾವಾಗ ಅನುಮಾನಿಸಬೇಕು?

*ಮೇಡಂ, ನನ್ನ ಕಥೆಯನ್ನು ಹೇಳುವವನು ಮುಂಬಯಿ ಫೋರ್ಟಿನ ಒಂದು ಉಡುಪಿ ಹೋಟೆಲಿನ ಯಜಮಾನ. 2005ರ ಜುಲೈ 26ರ ಮಳೆಯಲ್ಲಿ ಅವನ ತಮ್ಮ ಕುರ್ಲಾದಲ್ಲಿ ನೀರಿಗೆ ಸಿಕ್ಕಿ ತೀರಿಹೋದ. ಹೋಟೆಲಿನ ಅಕ್ಕಿ ಮೂಟೆಗಳಿದ್ದ ಖೋಲಿಯಲ್ಲೇ ತಮ್ಮನ ಸಂಸಾರ ಇತ್ತು. ಅಣ್ಣ ತನ್ನದೇನೂ ತಪ್ಪಿಲ್ಲ ಅನ್ನುತ್ತಾನೆ. ಆದರೆ ತಪ್ಪಿದೆ. ಇದು ಓದುಗರಿಗೆ ನಿಧಾನವಾಗಿ ಗೊತ್ತಾಗಬೇಕು. ಇಪ್ಪತ್ತು ಪುಟದ ಕಥೆ. ಐದು ಜನರಿಗೆ ಓದಲು ಕೊಟ್ಟೆ. ಇಬ್ಬರು ಎರಡನೇ ಪುಟದಲ್ಲೇ "ಇವನು ಸುಳ್ಳ" ಅಂದರು. ಮೂವರು ಕೊನೆಯವರೆಗೂ "ಪಾಪ ಅಣ್ಣ" ಅಂದರು. ನಡುವೆ ಯಾರೂ ಇಲ್ಲ. ಏನು ಮಾಡಲಿ? ಡೊಂಬಿವಲಿಯಿಂದ ಒಬ್ಬ ಓದುಗ.*

ನೀವು ಕಳಿಸಿದ ಪ್ರತಿಯನ್ನು ಎರಡು ಸಲ ಓದಿದೆ. ಅಣ್ಣನ ದನಿ ಚೆನ್ನಾಗಿ ಬಂದಿದೆ. ಕೊರತೆ ಇರುವುದು ಬೇರೆ ಕಡೆ. ಆ ದಿನ ನಿಜವಾಗಿ ಏನೇನು ಆಯಿತು, ಎಷ್ಟು ಗಂಟೆಗೆ ಆಯಿತು ಅನ್ನುವುದು ನಿಮಗೇ ಇನ್ನೂ ಗಟ್ಟಿಯಾಗಿಲ್ಲ. ಒಂದು ಪುಟದಲ್ಲಿ ತಮ್ಮ ಫೋನ್ ಮಾಡಿದ ಹಾಗಿದೆ, ಇನ್ನೊಂದರಲ್ಲಿ ಮಾಡಿಲ್ಲದ ಹಾಗಿದೆ. ಇದು ಅಣ್ಣನ ಸುಳ್ಳೋ ನಿಮ್ಮ ಮರೆವೋ ಅಂತ ನನಗೆ ತಿಳಿಯಲಿಲ್ಲ. ಓದುಗರಿಗೂ ತಿಳಿಯುವುದಿಲ್ಲ.

ಹಾಗಾಗಿ ಮೊದಲು ಕಥೆಯ ಹೊರಗೆ ಒಂದು ಹಾಳೆ ತೆಗೆದುಕೊಳ್ಳಿ. ಎಡಗಡೆ ನಡೆದದ್ದನ್ನು ಬರೆಯಿರಿ. ನಡುವೆ ಅದೇ ವಿಷಯವನ್ನು ಅಣ್ಣ ಹೇಗೆ ಹೇಳುತ್ತಾನೆ ಅನ್ನುವುದು ಬರಲಿ. ಬಲಗಡೆ, ಹಾಗೆ ಹೇಳಲು ಕಾರಣ. ನಿಮ್ಮ ಕಥೆಗೆ ನಾನು ಒಂದು ಎಡಗಡೆ ಕಟ್ಟಿ ತೋರಿಸುತ್ತೇನೆ. ಬೇಕಾದರೆ ಬದಲಾಯಿಸಿಕೊಳ್ಳಿ.

ಮಧ್ಯಾಹ್ನ ಮೂರೂವರೆಗೆ ತಮ್ಮ ಹೋಟೆಲಿಗೆ ಫೋನ್ ಮಾಡುತ್ತಾನೆ. ಗಲ್ಲಾದಲ್ಲಿ ಕೂತ ಅಣ್ಣನೇ ಎತ್ತುತ್ತಾನೆ. "ನೀರು ಹೊಸ್ತಿಲು ದಾಟಿತು" ಅಂತ ತಮ್ಮ. "ಮೂಟೆ ಎಲ್ಲ ಮಂಚದ ಮೇಲೆ ಎತ್ತಿಡು. ನಾನು ಬರ್ತೇನೆ, ಅಲ್ಲೇ ಇರು" ಅಂತ ಅಣ್ಣ. ಹೆಂಡತಿ, ಮಗುವನ್ನು ಪಕ್ಕದವರ ಮಾಳಿಗೆಗೆ ಕಳಿಸಿ ತಮ್ಮ ಕೆಳಗೇ ಉಳಿಯುತ್ತಾನೆ. ಅಷ್ಟು ಹೊತ್ತಿಗೆ ರೈಲು ನಿಂತು, ಮನೆಗೆ ಹೋಗಲಾಗದ ಆಫೀಸಿನ ಜನರಿಂದ ಹೋಟೆಲು ತುಂಬಿಹೋಗುತ್ತದೆ. ಅಣ್ಣ ಗಲ್ಲಾ ಬಿಟ್ಟು ಏಳುವುದಿಲ್ಲ. ಏಳು ಗಂಟೆಗೆ ನೆನಪಾಗಿ ಫೋನ್ ಮಾಡಿದರೆ ಲೈನ್ ಸತ್ತಿದೆ. ಒಂಬತ್ತಕ್ಕೆ ಲೆಕ್ಕ ಮುಗಿಸಿ ಹೊರಡುತ್ತಾನೆ. ಫೋರ್ಟಿನ ಪಕ್ಕದ ವಿ.ಟಿ. ಸ್ಟೇಷನ್ನಿನಿಂದ ಕುರ್ಲಾಕ್ಕೆ ಹಳಿಯ ದಾರಿಯಲ್ಲಿ ಸುಮಾರು 15 ಕಿಲೋಮೀಟರ್. ನಡೆದೇ ಹೋಗಿ ಬೆಳಕು ಹರಿಯುವ ಹೊತ್ತಿಗೆ ತಲುಪುತ್ತಾನೆ.

ಈಗ ನೋಡಿ. ನಿಮ್ಮ ಅಣ್ಣ ಎರಡನೇ ಪುಟದಲ್ಲಿ ಇಷ್ಟು ಮಾತ್ರ ಹೇಳಲಿ: "ಲೈನ್ ಸತ್ತುಹೋಗಿತ್ತು. ಮನಸ್ಸು ತಡೆಯಲಿಲ್ಲ, ಹೊರಟೆ. ಹಳಿ ಹಿಡಿದು ನಡೆದೇ ಹೋದೆ." ಎಲ್ಲವೂ ನಿಜ! ಒಂದು ಅಕ್ಷರ ಸುಳ್ಳಿಲ್ಲ. ಮೂರೂವರೆಯಿಂದ ಒಂಬತ್ತರವರೆಗಿನ ಹೊತ್ತು ಮಾತ್ರ ಮಾಯವಾಗಿದೆ.

ನಂಬಲಾಗದ ನಿರೂಪಕ ಅನ್ನುವ ಹೆಸರನ್ನು 1961ರಲ್ಲಿ ಬಳಕೆಗೆ ತಂದವರು ಅಮೆರಿಕದ ವಿಮರ್ಶಕ ವೇಯ್ನ್ ಬೂತ್. ಅವರ ನಂತರ ಜೇಮ್ಸ್ ಫೆಲನ್ ಅದನ್ನು ಇನ್ನಷ್ಟು ಬಿಡಿಸಿದರು. ನಿರೂಪಕ ಮೂರು ಕಡೆ ಎಡವಬಹುದು. ನಡೆದದ್ದನ್ನು ಹೇಳುವುದರಲ್ಲಿ, ಅದನ್ನು ಅರ್ಥ ಮಾಡಿಕೊಳ್ಳುವುದರಲ್ಲಿ, ಅದು ಸರಿಯೋ ತಪ್ಪೋ ಅಂತ ತೂಗುವುದರಲ್ಲಿ. ಈ ಮೂರರಲ್ಲೂ ಅವನು ತಪ್ಪು ಹೇಳಬಹುದು, ಇಲ್ಲವೇ ಕಡಿಮೆ ಹೇಳಬಹುದು. ನಿಮಗೆ ಬೇಕಾದದ್ದು ಈ ಕೊನೆಯ ಮಾತು. ನಿಧಾನವಾಗಿ ಹುಟ್ಟುವ ಅನುಮಾನಕ್ಕೆ ಕಡಿಮೆ ಹೇಳುವವನೇ ಸರಿ. ತಪ್ಪು ಹೇಳುವವನು ಒಂದು ಸಲ ಸಿಕ್ಕಿಬಿದ್ದರೆ ಅಲ್ಲಿಗೆ ಮುಗಿಯಿತು. ಕಡಿಮೆ ಹೇಳಿದವನ ಮಾತು ಪುಟ ಪುಟಕ್ಕೂ ತುಂಬಿಕೊಳ್ಳುತ್ತ ಹೋಗುತ್ತದೆ. ತುಂಬಿದ ಹಾಗೆಲ್ಲ ಹಿಂದಿನ ಮಾತಿನ ಅರ್ಥ ಬದಲಾಗುತ್ತದೆ.

ಇಬ್ಬರು ಎರಡನೇ ಪುಟದಲ್ಲೇ ಯಾಕೆ ಹಿಡಿದರು ಗೊತ್ತಾ? ಅಲ್ಲಿ ನಿಮ್ಮ ಅಣ್ಣ "ದೇವರಾಣೆ, ನಾನು ಸುಳ್ಳು ಹೇಳುವವನಲ್ಲ" ಅನ್ನುತ್ತಾನೆ. ಯಾರೂ ಕೇಳದೆ ಆಣೆ ಹಾಕುವವನನ್ನು ಊರಲ್ಲೂ ಯಾರೂ ನಂಬುವುದಿಲ್ಲ, ಅಲ್ವಾ? ಆ ಸಾಲು ತೆಗೆಯಿರಿ. ನಿಮ್ಮ ಅಣ್ಣ ಇಪ್ಪತ್ತು ವರ್ಷದಿಂದ ಈ ಕಥೆ ಹೇಳಿಕೊಂಡು ಬಂದವನು. ದುಃಖ ಕೇಳಲು ಬಂದವರಿಗೆ, ಊರಿನ ಅಮ್ಮನಿಗೆ, ನೆಂಟರಿಗೆ ಎಲ್ಲರಿಗೂ ಹೇಳಿದ್ದಾನೆ. ಹೇಳಿ ಹೇಳಿ ಮಾತು ನುಣುಪಾಗಿದೆ. ಹಾಗಾಗಿ "ಲೈನ್ ಸತ್ತುಹೋಗಿತ್ತು" ಅನ್ನುವ ಎರಡು ಪದ ಕಥೆಯಲ್ಲಿ ಮೂರು ಸಲ ಬರಲಿ. ಮೂರು ಸಲವೂ ಅದೇ ಪದ, ಅದೇ ಕ್ರಮ. ಮೊದಲ ಸಲ ಅದು ಸುಮ್ನೆ ಒಂದು ವಿವರ. ಮೂರನೇ ಸಲ ಬರುವಾಗ ಇದು ಬಾಯಿಪಾಠ ಅಂತ ಓದುಗರ ಕಿವಿಗೇ ಗೊತ್ತಾಗುತ್ತದೆ. ಹೊಸದಾಗಿ ನೆನಪಾಗುವ ವಿವರಗಳು ಮಾತ್ರ ಒರಟಾಗಿ, ಅಡ್ಡದಿಡ್ಡಿಯಾಗಿ ಬರಬೇಕು. ಅವನ್ನು ಅವನು ಯಾವತ್ತೂ ಯಾರ ಮುಂದೆಯೂ ಹೇಳಿಲ್ಲ.

ಇದಕ್ಕೆ ಎದುರಿಗೊಬ್ಬರು ಇರಬೇಕು. ನಿಮ್ಮ ಪ್ರತಿಯಲ್ಲಿ ಅಣ್ಣ ಗಾಳಿಗೆ ಮಾತಾಡುತ್ತಿದ್ದಾನೆ. ಯಾರಿಗೆ ಹೇಳುತ್ತಿದ್ದಾನೆ, ಈಗಲೇ ಯಾಕೆ ಹೇಳುತ್ತಿದ್ದಾನೆ ಅನ್ನುವುದಿಲ್ಲದೆ ಬಚ್ಚಿಡುವುದಕ್ಕೆ ಕಾರಣ ಸಿಗುವುದಿಲ್ಲ. ತಮ್ಮನ ಮಗಳನ್ನು ಎದುರಿಗೆ ಕೂರಿಸಿ. ಆಗ ನಾಲ್ಕು ವರ್ಷದವಳು, ಪಕ್ಕದವರ ಮಾಳಿಗೆಯಲ್ಲಿ ಅಮ್ಮನ ಸೊಂಟದ ಮೇಲಿದ್ದವಳು. ಈಗ ದೊಡ್ಡವಳಾಗಿ ದೊಡ್ಡಪ್ಪನ ಹೋಟೆಲಿಗೆ ಬಂದಿದ್ದಾಳೆ. "ನೀನು ಚಿಕ್ಕವಳು ಮಗಾ, ನಿನಗೆ ನೆನಪಿರಲಿಕ್ಕಿಲ್ಲ" ಅನ್ನುತ್ತಾನೆ. ಅವಳಿಗೆ ಏನು ನೆನಪಿದೆ ಅಂತ ಅವನಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಅವನು ಪ್ರತಿ ವಾಕ್ಯವನ್ನೂ ಅವಳ ಮುಖ ನೋಡಿಕೊಂಡು ಹೇಳಬೇಕಾಗುತ್ತದೆ.

ಮೊದಲು ಓದುಗರು ಅವನನ್ನು ನಂಬಬೇಕು. ಇದನ್ನು ಎಲ್ಲರೂ ಹೇಳುತ್ತಾರೆ, ಹೇಗೆ ನಂಬಿಸುವುದು ಅಂತ ಯಾರೂ ಹೇಳುವುದಿಲ್ಲ. ನಿಮಗೆ ಆ ದಿನವೇ ಒಂದು ದಾರಿ ಕೊಟ್ಟಿದೆ. ಆ 24 ಗಂಟೆಯಲ್ಲಿ ಉತ್ತರದ ಸಾಂತಾಕ್ರೂಜ್‌ನಲ್ಲಿ ಬಿದ್ದ ಮಳೆ 944 ಮಿಲಿಮೀಟರ್. ಅದೇ ಹೊತ್ತಿನಲ್ಲಿ ಫೋರ್ಟಿನ ಪಕ್ಕದ ಕೊಲಾಬಾದಲ್ಲಿ ಸುಮಾರು 73. ಒಂದೇ ಊರು, ಎರಡು ಆಕಾಶ. ನಾನೂ ಆ ದಿನ ಮಧ್ಯಾಹ್ನ ಫೋರ್ಟಿನಲ್ಲಿದ್ದೆ. ಮಳೆಗಾಲದ ಮಾಮೂಲಿ ಮಳೆ, ಅಷ್ಟೇ. ಮಿಠಿ ನದಿ ಉಕ್ಕಿ ಕುರ್ಲಾ, ಕಲೀನಾ ಮುಳುಗುತ್ತಿವೆ ಅಂತ ಯಾರಾದರೂ ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ಮಗಳು ಕೇಳಲಿ: "ಅಷ್ಟು ಮಳೆ ಬರುವಾಗ ನಿಮಗೆ ಗೊತ್ತಾಗಲಿಲ್ವಾ ದೊಡ್ಡಪ್ಪ?" ಅವನು ಹೇಳಲಿ: "ಇಲ್ಲಿ ಏನೂ ಇರಲಿಲ್ಲ ಮಗಾ. ಹುಡುಗರು ಹೊರಗೆ ಬೆಂಚು ಕೂಡ ಒಳಗೆ ತೆಗೆದಿರಲಿಲ್ಲ." ಈ ಮಾತಿಗೆ ಓದುಗರ ಹುಬ್ಬು ಏರುತ್ತದೆ. ಜುಲೈ 26 ಅಂದರೆ ಎಲ್ಲರ ಮನಸ್ಸಿನಲ್ಲಿರುವುದು ಮುಳುಗಿದ ಬಸ್ಸು. ಅದಾದ ಎರಡು ಪುಟಕ್ಕೆ ಬೇರೆ ಯಾರಿಂದಲಾದರೂ ಅದು ನಿಜ ಅಂತ ಗೊತ್ತಾಗಲಿ. ಕೊಲಾಬಾ ಕಡೆಯಿಂದ ಆ ಸಂಜೆ ಹಾಲು ತಂದವನು ಅರ್ಧವೂ ನೆನೆಯದೆ ಬಂದಿದ್ದ ಅಂತ ಹಳೇ ಕೆಲಸಗಾರನೊಬ್ಬ ಹೇಳಬಹುದು. ಆಗ ಅನುಮಾನಪಟ್ಟ ಓದುಗರು ಒಳಗೊಳಗೇ "ಛೆ, ಪಾಪ" ಅಂದುಕೊಳ್ಳುತ್ತಾರೆ. ಒಂದು ಸಲ ತಪ್ಪಾಗಿ ಅನುಮಾನಿಸಿದವರು ಎರಡನೇ ಸಲ ಬೇಗ ಅನುಮಾನಿಸುವುದಿಲ್ಲ. ನಿಮಗೆ ಬೇಕಾದ ಐದಾರು ಪುಟ ಅಲ್ಲಿ ಸಿಗುತ್ತದೆ. ಇನ್ನೂ ಒಂದು ಲಾಭ ಇದೆ. ತಮ್ಮನ ಮಾತನ್ನು ಅವನು ಅಂದು ಹಗುರಾಗಿ ತೆಗೆದುಕೊಂಡದ್ದಕ್ಕೆ ಇದೇ ಕಾರಣ. ನಂಬಿಕೆ ಕೊಡುವ ವಿವರವೇ ಆಮೇಲೆ ತಪ್ಪಿನ ಬೇರೂ ಆಗುತ್ತದೆ. ಮೂಟೆ ನೆನೆದೀತು ಅಂತ ಮಾತ್ರ ಅವನಿಗೆ ತೋಚಿತು. ಅವನು ಕೆಟ್ಟವನಲ್ಲ, ಅವನನ್ನು ಕೆಟ್ಟವನನ್ನಾಗಿ ಮಾಡಬೇಡಿ.

ಐದನೇ ಪುಟದ ಹತ್ತಿರ ಅವನು ಹೆಮ್ಮೆ ಪಡಲಿ. "ಆ ಸಂಜೆ ಸಿಕ್ಕಿಬಿದ್ದವರಿಗೆಲ್ಲ ಊಟ ಹಾಕಿದೆವು. ಎಂಟು ಗಂಟೆಗೂ ಬಾಗಿಲ ತನಕ ಜನ. ಅನ್ನ ಮುಗಿದು ಮತ್ತೆ ಇಟ್ಟೆವು." ಇದೂ ನಿಜ, ಒಳ್ಳೆಯ ಕೆಲಸವೂ ಹೌದು. ಆದರೆ ಎರಡನೇ ಪುಟದಲ್ಲಿ ಅವನು "ಮನಸ್ಸು ತಡೆಯಲಿಲ್ಲ, ಹೊರಟೆ" ಅಂದಿದ್ದ. ಎಂಟು ಗಂಟೆಯನ್ನು ಕೂಡಿಸಿ ನೋಡುವ ಕೆಲಸ ಓದುಗರದ್ದು. ನೀವು ಕೂಡಿಸಿ ತೋರಿಸಬೇಡಿ. ಮಗಳೂ ಕೂಡಿಸಬಾರದು.

ಈಗ ನನಗೆ ಬಹಳ ಇಷ್ಟವಾದ ಜಾಗಕ್ಕೆ ಬರುತ್ತೇನೆ. ಕನ್ನಡದಲ್ಲಿ ಬರೆಯುವವರಿಗೆ ಈ ಕೆಲಸಕ್ಕೆ ಒಂದು ಒಳ್ಳೆಯ ಸಲಕರಣೆ ಇದೆ, ನೀವು ಅದನ್ನು ಬಳಸಿಯೇ ಇಲ್ಲ. ಅದು "ಅಂತೆ". ಕಣ್ಣಾರೆ ಕಂಡದ್ದನ್ನು "ಬಂದ" ಅನ್ನುತ್ತೇವೆ, ಇನ್ನೊಬ್ಬರು ಹೇಳಿ ಕೇಳಿದ್ದನ್ನು "ಬಂದನಂತೆ" ಅನ್ನುತ್ತೇವೆ. ಯಾರೂ ಯೋಚಿಸಿ ಬಳಸುವುದಿಲ್ಲ, ತಾನಾಗಿ ಬಾಯಿಗೆ ಬರುತ್ತದೆ. ಒಬ್ಬ ಮನುಷ್ಯ ಎಲ್ಲಿದ್ದ, ಏನು ಕೇಳಿದ ಅನ್ನುವುದೆಲ್ಲ ಈ ಪುಟ್ಟ ಪದದಲ್ಲಿ ಕೂತಿರುತ್ತದೆ.

ಎಂಟನೇ ಪುಟದಲ್ಲಿ ಅಣ್ಣ ಹೇಳಲಿ: "ಮೂರೂವರೆಗೆ ಒಂದು ಫೋನ್ ಬಂದಿತ್ತಂತೆ. ಹುಡುಗ ಯಾರೋ ಎತ್ತಿದನಂತೆ. ನೀರು ಬರ್ತಾ ಇದೆ ಅಂದನಂತೆ ನಿನ್ನ ಅಪ್ಪ. ನನಗೆ ಯಾರು ಹೇಳ್ತಾರೆ ಮಗಾ, ಅಷ್ಟು ಗಲಾಟೆಯಲ್ಲಿ." ಇಲ್ಲಿ ಮಾತ್ರ ಅವನು ನೇರವಾಗಿ ಸುಳ್ಳು ಹೇಳುತ್ತಾನೆ. ಇಡೀ ಕಥೆಗೆ ಇದೊಂದೇ ಇರಲಿ. ಓದುಗರಿಗೆ ಸಣ್ಣ ಪೆಟ್ಟು ಬೀಳುತ್ತದೆ. ಲೈನ್ ಸತ್ತಿತ್ತು ಅಂದಿದ್ದನಲ್ಲ? ಆದರೆ ಸಮಾಧಾನವೂ ಕೂಡಲೇ ಸಿಗುತ್ತದೆ. ಆಮೇಲೆ ಸತ್ತಿರಬಹುದು. ಫೋನ್ ಎತ್ತಿದ್ದು ಹುಡುಗ ಇರಬಹುದು. ಮೊದಲ ಎರಡು ಎಡವಟ್ಟಿಗೂ ಹೀಗೆ ಒಂದು ಒಳ್ಳೆಯ ಅರ್ಥ ಹೊಂದುವ ಹಾಗೆ ಇರಬೇಕು. ಹೊಂದದಿದ್ದರೆ ಅನುಮಾನ ನಿಧಾನವಾಗುವುದಿಲ್ಲ, ಒಮ್ಮೆಲೇ ಧೊಪ್ಪೆಂದು ಬೀಳುತ್ತದೆ.

ಹದಿಮೂರನೇ ಪುಟದಲ್ಲಿ ಮಾತು ಬೇರೆ ಕಡೆ ಹೋಗಿರಲಿ. ಊರಿನ ಶಾಲೆ, ಮೇಷ್ಟ್ರು, ತಮ್ಮನ ಚಿಕ್ಕಂದು. ಅಣ್ಣ ನಿಜವಾದ ಪ್ರೀತಿಯಿಂದ ಮಾತಾಡುತ್ತಿರಲಿ: "ಗಾಬರಿಯಾದರೆ ನಿನ್ನ ಅಪ್ಪನಿಗೆ ಮಾತು ತಡವರಿಸುತ್ತಿತ್ತು. ಮೇಷ್ಟ್ರು ಪ್ರಶ್ನೆ ಕೇಳಿದರೆ ಸಾಕು. ಆ ದಿನವೂ ಹಾಗೇ, 'ಅಣ್ಣ' ಅನ್ನುವುದಕ್ಕೇ ಮೂರು ಸಲ ಬೇಕಾಯಿತು." ಅಷ್ಟೇ. ಮತ್ತೆ ಶಾಲೆಯ ಮಾತಿಗೆ ಹೋಗಲಿ.

ಇಲ್ಲಿ "ಅಂತೆ" ಇಲ್ಲ. "ಬೇಕಾಯಿತು" ಅಂದಿದ್ದಾನೆ, "ಬೇಕಾಯಿತಂತೆ" ಅಂದಿಲ್ಲ. ಫೋನಿನಲ್ಲಿ "ಅಣ್ಣ" ಅನ್ನುವುದನ್ನು ಅಣ್ಣನಲ್ಲದೆ ಇನ್ಯಾರು ಕೇಳುತ್ತಾರೆ? ಕನ್ನಡದ ಕಿವಿ ಇದ್ದವರು ಅಲ್ಲಿ ನಿಂತುಬಿಡುತ್ತಾರೆ. ಕೆಲವರು ಎಂಟನೇ ಪುಟ ತಿರುವಿ ನೋಡುತ್ತಾರೆ. ಯಾಕೆ ಜಾರಿದ ಅನ್ನುವುದಕ್ಕೂ ಕಾರಣ ಇದೆ. ಅವನು ಆ ಹೊತ್ತಿಗೆ ತನ್ನನ್ನು ಕಾಪಾಡಿಕೊಳ್ಳುತ್ತಿರಲಿಲ್ಲ, ತಮ್ಮನನ್ನು ನೆನೆಯುತ್ತಿದ್ದ. ನಿರೂಪಕ ಜಾರುವುದು ಕಾವಲು ಇಲ್ಲದ ಕಡೆ. ಸುಳ್ಳಿನ ಪಕ್ಕದಲ್ಲೇ ಜಾರಿಸಿದರೆ ನಿಮ್ಮ ಕೈ ಕಾಣುತ್ತದೆ.

ಇದೇ ಜಾತಿಯ ಇನ್ನೊಂದು ಉಪಾಯ, ಬೇಗ ಹೇಳಿಬಿಡುತ್ತೇನೆ. "ನಾನು ಹೊರಡಲಿಲ್ಲ" ಅನ್ನುವ ಬದಲು "ಹೊರಡಲು ಆಗಲಿಲ್ಲ", "ತಡವಾಗಿಹೋಯಿತು" ಅಂದರೆ ಮಾಡಿದವನೇ ಮಾಯವಾಗುತ್ತಾನೆ. ತಮ್ಮನನ್ನು ಮುಂಬಯಿಗೆ ಕರೆಸಿದ್ದು "ನಾನು", ಖೋಲಿ ಕೊಟ್ಟದ್ದು "ನಾನು", ಆ ಸಂಜೆಗೆ ಬಂದಾಗ "ನಮಗೆ ಗೊತ್ತಾಗಲಿಲ್ಲ". ನಿಮ್ಮ ಪ್ರತಿಯಲ್ಲಿ ಅವನು ಎಲ್ಲ ಕಡೆ "ನಾನು" ಅನ್ನುತ್ತಾನೆ. ಎಡಗಡೆಯ ಪಟ್ಟಿ ಇಟ್ಟುಕೊಂಡು, ಮೂರೂವರೆಯಿಂದ ಒಂಬತ್ತರವರೆಗಿನ ವಾಕ್ಯಗಳನ್ನು ಮಾತ್ರ ಹೀಗೆ ತಿದ್ದಿ. ಜಾಸ್ತಿ ಮಾಡಬೇಡಿ, ನಾಲ್ಕೈದು ಸಾಕು.

ಇನ್ನು, ಮೂವರಿಗೆ ಕೊನೆಯವರೆಗೂ ಏನೂ ಗೊತ್ತಾಗದಿದ್ದುದು ಯಾಕೆ? ನೀವು ಎಲ್ಲವನ್ನೂ ಒಂದೇ ಸುಳಿವಿನ ಮೇಲೆ ಇಟ್ಟಿದ್ದೀರಿ. ನಿಮ್ಮ ಪ್ರತಿಯಲ್ಲಿ ಅಣ್ಣ "ಎಂಟರ ಲೋಕಲ್ ಹಿಡಿದು ಕುರ್ಲಾಕ್ಕೆ ಹೋದೆ" ಅನ್ನುತ್ತಾನೆ. ಆ ರಾತ್ರಿ ಲೋಕಲ್ ಓಡಲಿಲ್ಲ, ಜನ ಹಳಿ ಮೇಲೆ, ರಸ್ತೆ ಮೇಲೆ ಎದೆಮಟ್ಟದ ನೀರಿನಲ್ಲಿ ನಡೆದು ಮನೆ ಸೇರಿದರು. ಮುಂಬಯಿಯಲ್ಲಿ ಅದನ್ನು ಅನುಭವಿಸಿದವರಿಗೆ ಈ ಸಾಲು ಕೂಡಲೇ ಚುಚ್ಚುತ್ತದೆ. ಧಾರವಾಡದ ಓದುಗರಿಗೆ ಅದು ಬರೀ ಒಂದು ರೈಲು. ಮುಂಬಯಿಯವರು ಕೂಡ "ಬರೆದವರಿಗೆ ಆ ದಿನದ ವಿಷಯ ಗೊತ್ತಿಲ್ಲ" ಅಂದುಕೊಂಡು ಮುಂದೆ ಹೋಗಬಹುದು. ತಪ್ಪು ನಿರೂಪಕನದೋ ಲೇಖಕರದೋ ಅಂತ ತಿಳಿಯದಿದ್ದರೆ ಅದು ಸುಳಿವಾಗುವುದಿಲ್ಲ. ಅಳೆಯುವ ಕೋಲು ಕಥೆಯ ಒಳಗೇ, ಸುಳ್ಳಿಗಿಂತ ಮೊದಲೇ ಇರಬೇಕು. ಅದಕ್ಕೇ ನಾನು ಲೋಕಲ್ ತೆಗೆದು ನಡಿಗೆ ಇಟ್ಟೆ. ಹೋಟೆಲಿನಲ್ಲಿ ಸಿಕ್ಕಿಬಿದ್ದ ಜನವೇ ರೈಲು ನಿಂತಿದೆ ಅಂತ ಹೇಳುತ್ತಾರೆ. ಹೊರಗಿನ ತಿಳುವಳಿಕೆ ಬೇಕಾಗುವುದಿಲ್ಲ.

ತಿದ್ದಿದ ಮೇಲೆ ಮತ್ತೆ ಓದಿಸುವಾಗ "ಹೇಗಿದೆ" ಅಂತ ಕೇಳಬೇಡಿ. ಈ ಕಥೆ ಓದಿರದ ಐದು ಜನರನ್ನು ಹುಡುಕಿ. ಒಬ್ಬರಾದರೂ ಮುಂಬಯಿ ನೋಡದವರಿರಲಿ. ಕೈಗೆ ಪೆನ್ಸಿಲ್ ಕೊಡಿ. "ಹ್ಞಾಂ?" ಅನ್ನಿಸಿದ ಕಡೆ ಅಂಚಿನಲ್ಲಿ ಒಂದು ಗೆರೆ ಹಾಕಲಿ. ಐದು, ಹತ್ತು, ಹದಿನೈದನೇ ಪುಟ ಮುಗಿದಾಗ ನಿಂತು, ಆ ಸಂಜೆ ಏನಾಯಿತು ಅಂತ ಒಂದು ಸಾಲು ಬರೆಯಲಿ. ಗೆರೆಗಳನ್ನು ಒಟ್ಟಿಗೆ ಇಟ್ಟು ನೋಡಿ. ಎಲ್ಲರ ಗೆರೆಯೂ ಎರಡನೇ ಪುಟದಲ್ಲಿದ್ದರೆ ದನಿ ಕೆಟ್ಟಿದೆ. ಐದರಿಂದ ಶುರುವಾಗಿ ಹದಿಮೂರರಲ್ಲಿ ಒಟ್ಟುಗೂಡಿದರೆ ನೀವು ಗೆದ್ದಿದ್ದೀರಿ. ಗೆರೆ ಇದೆ, ಆದರೆ ಹದಿನೈದರ ನಂತರವೂ ಸಾಲು ಬದಲಾಗಿಲ್ಲ ಅಂದರೆ ಅವರಿಗೆ ಸುಳಿವು ಕಂಡಿದೆ, ತೂಕ ಸಿಕ್ಕಿಲ್ಲ. ಆಗ ಸುಳಿವು ಹೆಚ್ಚಿಸಬೇಡಿ. ಇದ್ದ ಸುಳಿವಿನ ಸುತ್ತಲಿನ ಮಾತು ಕಡಿಮೆ ಮಾಡಿ, ಅದು ತಾನೇ ಎದ್ದು ಕಾಣುತ್ತದೆ.

ಕೊನೆಯ ಪುಟದಲ್ಲಿ ಅಣ್ಣ ಅತ್ತು ಎಲ್ಲ ಒಪ್ಪಿಕೊಳ್ಳುತ್ತಾನೆ. ಅದನ್ನು ದಯವಿಟ್ಟು ತೆಗೆಯಿರಿ. ಹದಿನೆಂಟು ಪುಟ ಓದುಗರು ತಾವೇ ಕಂಡುಕೊಂಡದ್ದನ್ನು ಅವರ ಕೈಯಿಂದ ಕಿತ್ತುಕೊಂಡ ಹಾಗಾಗುತ್ತದೆ. "ಪಾಪ ಅಣ್ಣ" ಅಂದ ನಿಮ್ಮ ಮೂವರು ಗೆಳೆಯರೂ ಆ ಅಳುವಿಗೇ ಕರಗಿದ್ದು ಅಂತ ನನಗೆ ಅನ್ನಿಸುತ್ತದೆ. ಅವನು ಒಪ್ಪಿಕೊಳ್ಳುವವನಲ್ಲ. ಅವನ ಕಥೆ ಅವನಿಗೆ ಇನ್ನೂ ಬೇಕು, ಇಲ್ಲದಿದ್ದರೆ ನಾಳೆ ಗಲ್ಲಾದಲ್ಲಿ ಕೂರಲು ಅವನಿಂದಾಗದು.

ಬದಲಿಗೆ ಲೆಕ್ಕ ಹೇಳಲಿ. ಹೋಟೆಲಿನವರು ನಷ್ಟವನ್ನು ಮರೆಯುವುದಿಲ್ಲ. ಮಗಳು ಎದ್ದು ಹೊರಡುವಾಗ ಅವನು ತನ್ನ ಕಷ್ಟವನ್ನೂ ಹೇಳಿಕೊಳ್ಳಬೇಕು ಅನ್ನಿಸಿ ಹೇಳಲಿ: "ನಮಗೇನು ಕಡಿಮೆ ಹೋಯಿತಾ ಮಗಾ? ಹನ್ನೊಂದು ಮೂಟೆ ಇತ್ತು. ನಾಲ್ಕು ಪೂರ್ತಿ ಹೋಯಿತು. ಏಳು ಮಂಚದ ಮೇಲಿತ್ತು, ಅದೂ ಕೆಳಗಿನ ಸಾಲು ನೆನೆದಿತ್ತು."

ಇಲ್ಲಿ ಅವನು ತೂಗುವುದರಲ್ಲಿ ಎಡವುತ್ತಿದ್ದಾನೆ, ಮತ್ತು ಅದು ಅವನಿಗೆ ಗೊತ್ತಿಲ್ಲ. ಏಳು ಮೂಟೆ ಮಂಚದ ಮೇಲೆ ತಾವಾಗಿ ಏರುವುದಿಲ್ಲ. ಸೊಂಟದ ತನಕ ನೀರಿರುವಾಗ ಒಬ್ಬನೇ ಮನುಷ್ಯ ಒಂದೊಂದೇ ಎತ್ತಿಟ್ಟಿದ್ದಾನೆ, ಎಂಟನೆಯದಕ್ಕೆ ಕೈ ಹಾಕುವ ಮೊದಲು ಏನೋ ಆಗಿದೆ. "ಅಲ್ಲೇ ಇರು" ಅನ್ನುವ ಮಾತು ಕಥೆಯಲ್ಲಿ ಎಲ್ಲೂ ಬಂದಿಲ್ಲ, ಬರುವುದೂ ಬೇಡ. ಓದುಗರಿಗೆ ಅದು ಕೇಳಿಸಿರುತ್ತದೆ.

ಮಗಳು ಅಳುವುದು ಬೇಡ, ಜಗಳ ಆಡುವುದು ಬೇಡ. ಬಾಗಿಲ ಹತ್ತಿರ ತಿರುಗಿ ನಿಂತು ಒಂದೇ ಮಾತು ಕೇಳಲಿ: "ಎಷ್ಟು ಅಂದ್ರಿ ದೊಡ್ಡಪ್ಪ, ಮಂಚದ ಮೇಲೆ?"

ಅವನು ಗಲ್ಲಾದ ಚಿಲ್ಲರೆ ಎಣಿಸುತ್ತ, ತಲೆ ಎತ್ತದೆ, "ಏಳು" ಅನ್ನಲಿ. ಅಲ್ಲಿಗೆ ಪೆನ್ನು ಕೆಳಗಿಡಿ.